ಬಜೆಟ್ ಕಡಿಮೆ ಅಂದಾಗ ರೇಟ್ ಇಳಿಸಬೇಡಿ, ಕೆಲಸ ಇಳಿಸಿ: ಮದುವೆ ಫೋಟೋಗ್ರಾಫರ್‌ಗಳಿಗೆ

"ಅಣ್ಣ, ಕೊಟೇಶನ್ ನೋಡಿದ್ವಿ. ನಿಮ್ಮ ಫೋಟೋಸ್ ಮನೇಲಿ ಎಲ್ಲರಿಗೂ ಇಷ್ಟ ಆಯ್ತು. ಆದ್ರೆ 1,20,000 ಜಾಸ್ತಿ ಆಯ್ತು, ನಮ್ಮ ಬಜೆಟ್ 75 ಸಾವಿರ. ಸ್ವಲ್ಪ ನೋಡ್ಕೊಂಡು ಮಾಡ್ಕೊಡಿ."

ಮದುವೆ ಫೋಟೋಗ್ರಫಿ ಮಾಡೋ ಎಲ್ಲರಿಗೂ ಈ ಮೆಸೇಜ್ ಬಂದಿರುತ್ತೆ. ಹೆಣ್ಣಿನ ಅಣ್ಣನೋ ತಮ್ಮನೋ ಕಳಿಸಿರ್ತಾರೆ. ಸಾಮಾನ್ಯವಾಗಿ ನಾವು ಕೊಡೋ ಉತ್ತರ ಎರಡೇ. ಒಂದು, "ಆಗಲ್ಲ ಬ್ರದರ್." ಇನ್ನೊಂದು, "ಸರಿ, 90ಕ್ಕೆ ಮಾಡೋಣ." ಆಮೇಲೆ ಅದು 80ಕ್ಕೆ ಬಂದು ನಿಲ್ಲುತ್ತೆ. ಮೂರನೇ ಉತ್ತರ ಒಂದಿದೆ: 75 ಸಾವಿರಕ್ಕೆ ಏನೇನು ಬರುತ್ತೆ ಅಂತ ಹೇಳೋದು. ರೇಟ್ ಇದ್ದ ಹಾಗೇ ಇರುತ್ತೆ, ಕೆಲಸ ಕಡಿಮೆಯಾಗುತ್ತೆ. ಹೇಳೋಕೆ ಸುಲಭ, ಆದರೆ ಯಾವುದನ್ನ ತೆಗೆಯಬೇಕು, ಹೇಗೆ ಬರೆಯಬೇಕು ಅನ್ನೋದರಲ್ಲೇ ಎಲ್ಲ ಇರೋದು. ಈ ಒಂದೇ ಮದುವೆಯ ಲೆಕ್ಕ ಹಿಡಿದು ಹೇಳ್ತೀನಿ. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ, ಒಂದೇ ಛತ್ರ. ಮೊತ್ತಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ರೇಟ್ ಹಾಕಿಕೊಳ್ಳಿ.

ಮೊದಲು ನಿಮ್ಮ ಕೊಟೇಶನ್ ನೀವೇ ಬಿಚ್ಚಿ ನೋಡಿ

ತುಂಬಾ ಜನ "ಎರಡು ದಿನದ ಪ್ಯಾಕೇಜ್ 1,20,000" ಅಂತ ಒಂದೇ ಸಾಲು ಕಳಿಸ್ತಾರೆ. ಒಂದೇ ಸಾಲು ಇದ್ದರೆ ಆ ಕಡೆಯವರಿಗೆ ಚೌಕಾಸಿ ಮಾಡೋಕೆ ಇರೋದೂ ಒಂದೇ ಸಂಖ್ಯೆ. ಅವರನ್ನ ತಪ್ಪು ಅನ್ನೋಕಾಗಲ್ಲ. ಹಾಗಾಗಿ ಸಾಲು ಸಾಲಾಗಿ ಬಿಡಿಸಿ ಬರೀರಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿದೆ:

- ಟ್ರೆಡಿಷನಲ್ ಫೋಟೋ, 2 ಫಂಕ್ಷನ್: 16,000
- ಟ್ರೆಡಿಷನಲ್ ವಿಡಿಯೋ, 2 ಫಂಕ್ಷನ್: 16,000
- ಕ್ಯಾಂಡಿಡ್ ಫೋಟೋ, 2 ಫಂಕ್ಷನ್: 24,000
- ಸಿನಿಮ್ಯಾಟಿಕ್ ವಿಡಿಯೋ, 2 ಫಂಕ್ಷನ್: 24,000
- ಡ್ರೋನ್: 8,000
- 30 ಶೀಟಿನ ಆಲ್ಬಂ ಎರಡು (ಮೊದಲನೆಯದು ಡಿಸೈನ್ ಸೇರಿ 10,000, ಎರಡನೆಯದು 8,000): 18,000
- ಎಡಿಟಿಂಗ್, ಹೈಲೈಟ್ಸ್, ಟೀಸರ್: 14,000

ಈಗ ಇದರ ಪಕ್ಕದಲ್ಲಿ, ನಿಮಗೆ ಮಾತ್ರ ಕಾಣೋ ಹಾಗೆ, ಪ್ರತಿ ಸಾಲಿನಲ್ಲಿ ಬೇರೆಯವರ ಕೈಗೆ ಎಷ್ಟು ಹೋಗುತ್ತೆ ಅಂತ ಬರೀರಿ. ಕ್ಯಾಂಡಿಡ್ ನೀವೇ ಮಾಡ್ತೀರಿ ಅಂದುಕೊಳ್ಳಿ. ಟ್ರೆಡಿಷನಲ್ ಹುಡುಗರಿಬ್ಬರಿಗೆ ಎರಡು ಫಂಕ್ಷನ್ ಸೇರಿ 20,000, ಸಿನಿಮ್ಯಾಟಿಕ್‌ನವರಿಗೆ 18,000, ಡ್ರೋನ್‌ಗೆ 6,500, ಲ್ಯಾಬ್‌ಗೆ 13,000, ಎಡಿಟರ್‌ಗೆ 10,000. ಒಟ್ಟು 67,500. ನಿಮ್ಮ ಹತ್ತಿರ ಉಳಿಯೋದು 52,500.

ಇದೇ ಕೆಲಸವನ್ನ ಪೂರ್ತಿ 75 ಸಾವಿರಕ್ಕೆ ಒಪ್ಪಿಕೊಂಡರೆ ಉಳಿಯೋದು 7,500. ಹುಡುಗರು ರೇಟ್ ಇಳಿಸಲ್ಲ, ಲ್ಯಾಬ್‌ನವರು ಶೀಟಿನ ದುಡ್ಡು ಬಿಡಲ್ಲ, ಹಾಗಾಗಿ ನೀವು ಬಿಟ್ಟುಕೊಟ್ಟ 45 ಸಾವಿರ ಅಷ್ಟೂ ನಿಮ್ಮ ಜೇಬಿನಿಂದಲೇ ಹೋಗೋದು. ಆ 7,500ರಲ್ಲಿ ಎರಡು ದಿನದ ಶೂಟ್ ಇದೆ, ಪೆಟ್ರೋಲ್ ಇದೆ, ಕ್ಯಾಮೆರಾ ಸವೆತ ಇದೆ, ಫೋಟೋ ಸೆಲೆಕ್ಷನ್‌ಗೆ ಅವರ ಮನೆಯವರ ಜೊತೆ ಕೂರೋದಿದೆ, ಆಲ್ಬಂ ಕರೆಕ್ಷನ್ ಇದೆ. ಅಲ್ಲಿಗೆ ಬಂದಾಗ ಮನುಷ್ಯ ಏನು ಮಾಡ್ತಾನೆ ಅಂತ ಎಲ್ಲರಿಗೂ ಗೊತ್ತು. ಅನುಭವ ಇರೋರ ಬದಲು ಹೋದ ತಿಂಗಳು ಕ್ಯಾಮೆರಾ ಹಿಡಿದವನನ್ನ ಕಳಿಸ್ತಾನೆ. ಅದು ಮುಹೂರ್ತದಲ್ಲಿ ಗೊತ್ತಾಗುತ್ತೆ: ತಾಳಿ ಕಟ್ಟೋ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಬಂದಿರ್ತಾರೆ, ಹೊಸಬನಿಗೆ ಅಕ್ಷತೆ ಹಾಕೋ ಕೈಗಳು ಬಿಟ್ಟು ಬೇರೇನೂ ಸಿಕ್ಕಿರಲ್ಲ.

ಇನ್ನೊಂದು ವಿಷಯ. ಈ ಕಸುಬಿನಲ್ಲಿ ರೇಟ್ ಬಾಯಿಂದ ಬಾಯಿಗೆ ಹೋಗುತ್ತೆ. ಮುಂದಿನ ಮದುವೆಯವರು ಇದೇ ಛತ್ರದಲ್ಲಿ ಊಟಕ್ಕೆ ಕೂತಿರ್ತಾರೆ. ಡಿಸ್ಕೌಂಟ್ ಕೊಟ್ಟಿದ್ದರೆ "75ಕ್ಕೆ ಡ್ರೋನ್, ಎರಡು ಆಲ್ಬಂ ಎಲ್ಲ ಮಾಡಿಕೊಟ್ರು" ಅಂತ ಹೋಗುತ್ತೆ. ಕೆಲಸ ಕಡಿಮೆ ಮಾಡಿದ್ದರೆ "75ಕ್ಕೆ ಇಷ್ಟು, ಸಿನಿಮ್ಯಾಟಿಕ್ ಬೇಕಂದ್ರೆ ಜಾಸ್ತಿ ಆಗುತ್ತೆ" ಅಂತ ಹೋಗುತ್ತೆ.

ಉತ್ತರಕ್ಕೆ ಮುಂಚೆ ಮೂರು ಪ್ರಶ್ನೆ

ಮೆಸೇಜ್ ಬಂದ ಕೂಡಲೇ ಸಂಖ್ಯೆ ಹೇಳಬೇಡಿ, ಆದರೆ ಅದೇ ದಿನ ಉತ್ತರ ಕೊಡಿ. ಅವರು ಇನ್ನೂ ಮೂರು ಜನರಿಗೆ ಇದೇ ಮೆಸೇಜ್ ಕಳಿಸಿರ್ತಾರೆ. ಫೋನ್ ಮಾಡಿದರೆ ಇನ್ನೂ ಒಳ್ಳೇದು.

ಮೊದಲನೆಯದು, ಈ 75ರಲ್ಲಿ ಆಲ್ಬಂ ಸೇರಿದೆಯಾ? ತುಂಬಾ ಮನೆಗಳಲ್ಲಿ "ಫೋಟೋಗೆ 75" ಅಂದರೆ ಮದುವೆ ದಿನಕ್ಕೆ ಹೊಂದಿಸೋ ದುಡ್ಡು ಅಷ್ಟು ಅಂತ, ಆಲ್ಬಂ ಎರಡು ತಿಂಗಳಾದ ಮೇಲೆ ನೋಡ್ಕೊಳ್ಳೋಣ ಅಂತ ಇರುತ್ತೆ. ಹಾಗಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದು ಸೇರಿಯೋ ಬಿಟ್ಟೋ ಅಂತಲೂ ಇಲ್ಲೇ ಕೇಳಿಬಿಡಿ.

ಎರಡನೆಯದು, ಎರಡು ಫಂಕ್ಷನ್‌ನಲ್ಲಿ ಯಾವುದು ನಿಮಗೆ ಮುಖ್ಯ? ಹಿರಿಯರು ಮುಹೂರ್ತ ಅಂತಾರೆ, ಹುಡುಗ ಹುಡುಗಿ ಆರತಕ್ಷತೆ ಅಂತಾರೆ. ಹಾಗಾಗಿ ಸಾಧ್ಯವಾದರೆ ಹುಡುಗಿಯ ಹತ್ತಿರವೇ ಕೇಳಿ. ಮೂರನೆಯದು, ಆಮೇಲೆ ಏನು ನೋಡ್ತೀರಿ, ಆಲ್ಬಮ್ಮಾ, ಫೋನಲ್ಲಿ ಫೋಟೋನಾ, ವಿಡಿಯೋನಾ? "ಅಜ್ಜಿಗೆ ಆಲ್ಬಂ ಬೇಕು, ನಮಗೆ ಇನ್‌ಸ್ಟಾಗೆ ಒಳ್ಳೆ ಫೋಟೋ ಬೇಕು" ಅಂದರೆ ಸಿನಿಮ್ಯಾಟಿಕ್ ಅವರಿಗೆ ಅಷ್ಟು ಬೇಕಿಲ್ಲ ಅಂತ ಅವರೇ ಹೇಳಿದ ಹಾಗಾಯ್ತು.

ಬಜೆಟ್ ನಿಜವಾ, ಸುಮ್ನೆ ಎಳೆದು ನೋಡ್ತಿದ್ದಾರಾ ಅನ್ನೋದೂ ಈ ಪ್ರಶ್ನೆಗಳಲ್ಲೇ ಗೊತ್ತಾಗುತ್ತೆ. ನಿಜವಾಗಿ ದುಡ್ಡು ಅಷ್ಟೇ ಇರೋರು ಉತ್ತರ ಕೊಡ್ತಾರೆ, ಒಂದಷ್ಟು ಬಿಡೋಕೂ ತಯಾರಿರ್ತಾರೆ. ಚೌಕಾಸಿ ಮಾಡೋರು "ಎಲ್ಲಾ ಬೇಕು, ನೀವು ಫೈನಲ್ ಎಷ್ಟು ಹೇಳಿ" ಅಂತ ಮತ್ತೆ ಸಂಖ್ಯೆಗೇ ಬರ್ತಾರೆ. ಇಬ್ಬರಿಗೂ ಕಳಿಸೋ ಉತ್ತರ ಒಂದೇ, ಆದರೆ ಎರಡನೆಯವರ ಜೊತೆ ಎಷ್ಟು ಹೊತ್ತು ಕಳೀಬೇಕು ಅನ್ನೋದು ನಿಮಗೆ ಗೊತ್ತಿರಲಿ.

ತೆಗೆದರೆ ಇಡೀ ಸಾಲು ತೆಗೀರಿ

ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸೋಣ ಅನ್ನೋದು ತಪ್ಪು ದಾರಿ. 30 ಶೀಟ್ ಬದಲು 25, ಆರು ಗಂಟೆ ಬದಲು ನಾಲ್ಕು ಗಂಟೆ ಅಂತ ಹೋದರೆ ನಿಮ್ಮ ಖರ್ಚು ಅಷ್ಟೇನೂ ಇಳಿಯಲ್ಲ. ಗಂಟೆ ಕಡಿಮೆ ಮಾಡೋದಂತೂ ಬರೀ ಭ್ರಮೆ. "ಆರತಕ್ಷತೆಗೆ ಬರೀ ಎರಡು ಗಂಟೆ ಬನ್ನಿ ಸಾಕು" ಅಂತಾರೆ. ಆ ಹುಡುಗನಿಗೆ ಆ ಸಂಜೆ ಬೇರೆ ಫಂಕ್ಷನ್ ಹಿಡಿಯೋಕಾಗಲ್ಲ, ಅವನು ಪೂರ್ತಿ ದುಡ್ಡೇ ಕೇಳ್ತಾನೆ. ಆಷಾಢದಲ್ಲಿ ಕೆಲಸ ಇಲ್ಲದೆ ಕೂತು, ಮುಹೂರ್ತ ಇರೋ ತಿಂಗಳಲ್ಲಿ ದುಡಿಯೋ ಕಸುಬು ಇದು. ಡೇಟ್ ಹೋಯ್ತು ಅಂದರೆ ಹೋಯ್ತು. ಕಡಿಮೆಯಾಗಬೇಕಾದದ್ದು ಜನ, ಫಂಕ್ಷನ್, ಅಥವಾ ಕೈಗೆ ಕೊಡೋ ವಸ್ತು.

ನನ್ನ ಕ್ರಮ ಹೀಗೆ. ಮೊದಲು ಡ್ರೋನ್. ಛತ್ರದ ಒಳಗೆ ನಡೆಯೋ ಮದುವೆಗೆ ಡ್ರೋನ್‌ನಿಂದ ಸಿಗೋದು ಹೊರಗಿನ ಒಂದೆರಡು ಶಾಟ್ ಮಾತ್ರ. ಆಮೇಲೆ ಎರಡನೇ ಆಲ್ಬಂ. ಇದನ್ನ ತೆಗೆಯೋಕೆ ಭಯಪಡಬೇಡಿ, ಯಾಕಂದ್ರೆ ಡಿಸೈನ್ ಫೈಲ್ ನಿಮ್ಮ ಹತ್ತಿರ ಇರುತ್ತೆ, ಗಂಡಿನ ಕಡೆಯವರಿಗೆ ಬೇಕಾದಾಗ ಇನ್ನೊಂದು ಪ್ರಿಂಟ್ ಹಾಕಿಸಬಹುದು. ಎಷ್ಟೋ ಸಲ ಬೀಗರೇ ಅದಕ್ಕೆ ದುಡ್ಡು ಕೊಡ್ತಾರೆ. ಮೂರನೆಯದು ಟೀಸರ್. ಅಲ್ಲಿಂದ ಮುಂದೆ ಕ್ಯಾಂಡಿಡ್ ಮತ್ತು ಸಿನಿಮ್ಯಾಟಿಕ್. ದೊಡ್ಡ ದುಡ್ಡು ಇರೋದೇ ಇಲ್ಲಿ, ಹಾಗಾಗಿ ಇದನ್ನ ನೀವು ತೀರ್ಮಾನ ಮಾಡಬೇಡಿ, ಅವರಿಗೆ ಬಿಡಿ.

ಮುಟ್ಟಬಾರದ್ದೂ ಇದೆ. ಮುಹೂರ್ತಕ್ಕೆ ಫೋಟೋ ಒಬ್ಬರು, ವಿಡಿಯೋ ಒಬ್ಬರು ಇರಲೇಬೇಕು. ಒಬ್ಬನೇ ಎರಡೂ ಮಾಡ್ತೀನಿ ಅನ್ನೋದು ಧಾರೆ ಎರೆಯೋ ಹೊತ್ತಿಗೆ ನಿಂತುಹೋಗುತ್ತೆ, ಒಂದು ಮಾಡುವಾಗ ಇನ್ನೊಂದು ತಪ್ಪುತ್ತೆ. ಎರಡು ಕಾರ್ಡ್‌ಗೆ ರೆಕಾರ್ಡ್ ಆಗೋ ಕ್ಯಾಮೆರಾ, ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ, ಇವು ಕೊಟೇಶನ್‌ನಲ್ಲಿ ಸಾಲಾಗಿ ಇರೋದೇ ಇಲ್ಲ, ಇರಲೂಬಾರದು. ಸಾಲು ಮಾಡಿದರೆ ಅದನ್ನೂ ತೆಗೀರಿ ಅಂತಾರೆ. ಮದುವೆಯನ್ನ ಇನ್ನೊಂದು ಸಲ ಶೂಟ್ ಮಾಡೋಕಾಗಲ್ಲ.

ಒಂದೇ ದುಡ್ಡಿಗೆ ಎರಡು ಆಯ್ಕೆ

75 ಸಾವಿರಕ್ಕೆ ಒಂದೇ ಪ್ಯಾಕೇಜ್ ಕಳಿಸಿದರೆ ಅವರು ಹೂಂ ಅಥವಾ ಊಹೂಂ ಅನ್ನಬೇಕು. ಎರಡು ಕಳಿಸಿದರೆ ಮಾತು "ಯಾವುದು" ಅನ್ನೋ ಕಡೆ ತಿರುಗುತ್ತೆ. ಮೂರಕ್ಕಿಂತ ಜಾಸ್ತಿ ಕಳಿಸಬೇಡಿ, ಫ್ಯಾಮಿಲಿ ಗ್ರೂಪ್‌ಗೆ ಫಾರ್ವರ್ಡ್ ಆಗಿ ಎಲ್ಲವೂ ಕಲಸಿಹೋಗುತ್ತೆ. ಮೆಸೇಜ್ ಹೀಗಿರಲಿ:

> ನಮಸ್ತೆ ಬ್ರದರ್. ಬಜೆಟ್ ನೇರವಾಗಿ ಹೇಳಿದ್ದು ಒಳ್ಳೇದಾಯ್ತು. 75,000ದ ಒಳಗೆ ಎರಡು ರೀತಿ ಮಾಡಿಕೊಡಬಹುದು. ಟೀಮ್ ಮತ್ತು ಕ್ವಾಲಿಟಿ ಎರಡರಲ್ಲೂ ಅದೇ ಇರುತ್ತೆ.
>
> ಆಯ್ಕೆ 1: ಆರತಕ್ಷತೆ ಮತ್ತು ಮುಹೂರ್ತ ಎರಡಕ್ಕೂ ಟ್ರೆಡಿಷನಲ್ ಫೋಟೋ, ವಿಡಿಯೋ. ಮುಹೂರ್ತಕ್ಕೆ ಮಾತ್ರ ಕ್ಯಾಂಡಿಡ್ ಮತ್ತು ಸಿನಿಮ್ಯಾಟಿಕ್. ಮುಹೂರ್ತದ 4–5 ನಿಮಿಷದ ಹೈಲೈಟ್ಸ್. ಒಂದು ಆಲ್ಬಂ, 30 ಶೀಟ್. ಒಟ್ಟು 75,000.
>
> ಆಯ್ಕೆ 2: ಎರಡೂ ಫಂಕ್ಷನ್‌ಗೆ ಟ್ರೆಡಿಷನಲ್ ಫೋಟೋ, ವಿಡಿಯೋ ಮತ್ತು ಕ್ಯಾಂಡಿಡ್ ಫೋಟೋ. ಸಿನಿಮ್ಯಾಟಿಕ್, ಹೈಲೈಟ್ಸ್ ಇರಲ್ಲ, ಪೂರ್ತಿ ವಿಡಿಯೋ ಇರುತ್ತೆ. ಒಂದು ಆಲ್ಬಂ, 30 ಶೀಟ್. ಒಟ್ಟು 75,000.
>
> ಎರಡರಲ್ಲೂ ಡ್ರೋನ್, ಟೀಸರ್, ಎರಡನೇ ಆಲ್ಬಂ ಇಲ್ಲ. ಆಲ್ಬಂ ಆಮೇಲೆ ಬೇಕಂದ್ರೆ 8,000ಕ್ಕೆ ಹಾಕಿಸಿಕೊಡ್ತೀನಿ. ಎಲ್ಲಾ ಬೇಕಂದ್ರೆ ಮೊದಲು ಕಳಿಸಿದ 1,20,000 ಹಾಗೇ ಇದೆ.
>
> ಅಕ್ಕನಿಗೆ ಆರತಕ್ಷತೆ ಫೋಟೋ ಮುಖ್ಯ ಅಂದಿದ್ರಿ, ಹಾಗಾಗಿ ನನ್ನ ಪ್ರಕಾರ ಆಯ್ಕೆ 2 ನಿಮಗೆ ಸರಿ. ಮನೇಲಿ ಮಾತಾಡಿ ಶನಿವಾರದೊಳಗೆ ಹೇಳಿ, ಅಲ್ಲಿವರೆಗೆ ಡೇಟ್ ಇಟ್ಟಿರ್ತೀನಿ.

ಇದರಲ್ಲಿ ಗಮನಿಸಬೇಕಾದದ್ದು ಏನೇನು ಇಲ್ಲ ಅನ್ನೋ ಸಾಲು. ತುಂಬಾ ಜನ ಇದನ್ನ ಬರೆಯೋಕೆ ಹಿಂಜರಿತಾರೆ, ನೆಗೆಟಿವ್ ಆಗಿ ಕಾಣುತ್ತೆ ಅಂತ. ಆದರೆ ಬರೆಯದಿದ್ದರೆ ಮದುವೆ ದಿನ ಮಾವನವರು "ಡ್ರೋನ್ ಎಲ್ಲಿ?" ಅಂತ ಕೇಳ್ತಾರೆ, ಅವರ ಪಕ್ಕದಲ್ಲಿ ನಿಂತಿರೋ ಹುಡುಗಿಯ ತಮ್ಮ ಮುಖ ಸಣ್ಣ ಮಾಡಿಕೊಳ್ತಾನೆ. ಅವನಿಗೂ ಅದು ಬೇಡ. "ಡಿಸ್ಕೌಂಟ್" ಅನ್ನೋ ಪದ ಎಲ್ಲೂ ಬಳಸಿಲ್ಲ ನೋಡಿ, ಕ್ಷಮೆಯೂ ಕೇಳಿಲ್ಲ. ನಿಮ್ಮ ಅಭಿಪ್ರಾಯ ಒಂದು ಸಾಲು ಹೇಳಿ, ಅದು ಅವರು ಹೇಳಿದ ಮಾತಿನ ಮೇಲೆ ನಿಂತಿರಲಿ.

ಈಗ ನಿಮ್ಮ ಗುಟ್ಟಿನ ಪಟ್ಟಿಗೆ ವಾಪಸ್ ಬನ್ನಿ. ಆಯ್ಕೆ 1ರಲ್ಲಿ ಹೊರಗೆ ಹೋಗೋದು ಹುಡುಗರಿಗೆ 20,000, ಸಿನಿಮ್ಯಾಟಿಕ್‌ಗೆ 9,000, ಲ್ಯಾಬ್‌ಗೆ 7,000, ಎಡಿಟರ್‌ಗೆ 6,500. ನಿಮಗೆ 32,500 ಉಳಿಯುತ್ತೆ, ಆರತಕ್ಷತೆ ಸಂಜೆ ನೀವು ಇನ್ನೊಂದು ಕಡೆ ಹೋಗಬಹುದು. ಆಯ್ಕೆ 2ರಲ್ಲಿ ಸಿನಿಮ್ಯಾಟಿಕ್ ಇಲ್ಲದ್ದರಿಂದ 41,500 ಉಳಿಯುತ್ತೆ, ಆದರೆ ಎರಡೂ ದಿನ ನೀವೇ ಇರಬೇಕು. 52,500ಕ್ಕಿಂತ ಕಡಿಮೆ ಹೌದು, ಆದರೆ ಕೆಲಸವೂ ಅದಕ್ಕೆ ತಕ್ಕ ಹಾಗೆ ಇಳಿದಿದೆ. ಕಳಿಸೋ ಮುಂಚೆ ಈ ಲೆಕ್ಕ ಹಾಕಲೇಬೇಕು, ಯಾಕಂದ್ರೆ ಎರಡರಲ್ಲಿ ಯಾವುದನ್ನ ಆರಿಸಿದರೂ ನೀವು ಖುಷಿಯಿಂದ ಮಾಡೋ ಹಾಗಿರಬೇಕು.

"ಆಯ್ಕೆ 2ಕ್ಕೆ ಹೈಲೈಟ್ಸ್ ಒಂದು ಸೇರಿಸಿಬಿಡಿ ಅಣ್ಣ"

ಇದು ಬಂದೇ ಬರುತ್ತೆ. ಇಲ್ಲಿ ಸೋತರೆ ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ. ಮೊದಲು ತಾಂತ್ರಿಕವಾಗಿ ಯಾಕೆ ಆಗಲ್ಲ ಅಂತ ಸರಳವಾಗಿ ಹೇಳಿ. ಹೈಲೈಟ್ಸ್‌ಗೆ ಬೇಕಾದ ಶಾಟ್‌ಗಳನ್ನ ಸಿನಿಮ್ಯಾಟಿಕ್ ಕ್ಯಾಮೆರಾದವರು ತೆಗೀತಾರೆ, ಗಿಂಬಲ್ ಮೇಲೆ, ಸಣ್ಣ ಸಣ್ಣ ತುಣುಕುಗಳಾಗಿ. ಟ್ರೆಡಿಷನಲ್ ವಿಡಿಯೋ ಲೈಟ್ ಹಾಕಿಕೊಂಡು ಒಂದೇ ಸಮನೆ ಓಡ್ತಿರುತ್ತೆ, ಅದರಿಂದ ಕತ್ತರಿಸಿ ಮಾಡಿದ ಹೈಲೈಟ್ಸ್ ಅವರು ನಿಮ್ಮ ಪೇಜ್‌ನಲ್ಲಿ ನೋಡಿರೋ ತರ ಬರಲ್ಲ. ಅದನ್ನ ಕೊಟ್ಟರೆ ನಿಮ್ಮ ಹೆಸರಿನಲ್ಲೇ ಕಳಪೆ ವಿಡಿಯೋ ಸ್ಟೇಟಸ್‌ಗಳಲ್ಲಿ ಓಡಾಡುತ್ತೆ.

ಆಮೇಲೆ ಅದಲುಬದಲು ಕೇಳಿ: "ಮುಹೂರ್ತದ ಸಿನಿಮ್ಯಾಟಿಕ್ ಸೇರಿಸೋಣ, ಅದರ ಬದಲು ಆರತಕ್ಷತೆಯ ಕ್ಯಾಂಡಿಡ್ ತೆಗೆಯೋಣ, ಅಂದರೆ ಆಯ್ಕೆ 1 ಆಗುತ್ತೆ. ಎರಡೂ ಇರಲಿ ಅಂದ್ರೆ 12,000 ಜಾಸ್ತಿ ಆಗುತ್ತೆ." ಏನಾದರೂ ಒಳಗೆ ಬಂದರೆ ಏನಾದರೂ ಹೊರಗೆ ಹೋಗಬೇಕು, ಇಲ್ಲವೇ ದುಡ್ಡು ಜಾಸ್ತಿಯಾಗಬೇಕು. ಇದನ್ನ ಒಂದು ಸಲ ಸಮಾಧಾನವಾಗಿ ಹೇಳಿದರೆ ಮುಂದಿನ ಕೇಳಿಕೆಗಳಿಗೂ ಅವರೇ ಲೆಕ್ಕ ಹಾಕಿಕೊಂಡು ಬರ್ತಾರೆ.

"ಇನ್ನೊಬ್ಬರು 70ಕ್ಕೆ ಎಲ್ಲಾ ಮಾಡ್ತಾರಂತೆ" ಅಂದರೆ ವಾದ ಮಾಡಬೇಡಿ, ಆ ಇನ್ನೊಬ್ಬರ ಬಗ್ಗೆ ಮಾತೂ ಬೇಡ. "ಅವರ ಹತ್ತಿರ ಎಷ್ಟು ಜನ ಬರ್ತಾರೆ, ಒಂದು ಪೂರ್ತಿ ಮದುವೆಯ ಆಲ್ಬಂ ತೋರಿಸ್ತಾರಾ ಕೇಳಿ" ಅಂತ ಹೇಳಿ ಬಿಡಿ. ಹತ್ತು ಒಳ್ಳೆ ಫೋಟೋ ಎಲ್ಲರ ಹತ್ತಿರ ಇರುತ್ತೆ. ಪೂರ್ತಿ ಆಲ್ಬಂ ನೋಡಿದರೆ ವ್ಯತ್ಯಾಸ ಅವರಿಗೇ ಕಾಣುತ್ತೆ.

ಒಪ್ಪಿದ ಮೇಲೆ ಬರೆದಿಡೋದು

ದೊಡ್ಡ ಅಗ್ರಿಮೆಂಟ್ ಬೇಡ. ವಾಟ್ಸಾಪ್‌ನಲ್ಲೇ ಒಂದು ಮೆಸೇಜ್ ಸಾಕು, ಆದರೆ ಅವರಿಂದ "ಓಕೆ" ಬರಬೇಕು. ಅದರಲ್ಲಿ ಫಂಕ್ಷನ್, ದಿನ, ಛತ್ರ, ಎಷ್ಟು ಜನ ಬರ್ತಾರೆ, ಏನು ಕೊಡ್ತೀರಿ, ಏನು ಇಲ್ಲ, ಎಷ್ಟು ದುಡ್ಡು ಯಾವಾಗ, ಇಷ್ಟಿರಲಿ. ದುಡ್ಡಿಗೆ ನನಗೆ ಸರಿ ಅನ್ನಿಸೋದು: ಡೇಟ್ ಬ್ಲಾಕ್ ಮಾಡೋಕೆ 25,000, ಮುಹೂರ್ತದ ದಿನ 40,000, ಆಲ್ಬಂ ಕೊಡುವಾಗ 10,000. ಕೊನೆಗೆ ದೊಡ್ಡ ಮೊತ್ತ ಉಳಿಸಬೇಡಿ. ಫೋಟೋ ಸೆಲೆಕ್ಷನ್ ಮಾಡದೆ ಆರು ತಿಂಗಳು ಕೂರೋ ಮನೆಗಳಿವೆ, ಅಷ್ಟೂ ದಿನ ನಿಮ್ಮ ದುಡ್ಡು ಅಲ್ಲೇ ಇರುತ್ತೆ.

ಎರಡು ಸಣ್ಣ ವಿಷಯ ಇಲ್ಲೇ ಸೇರಿಸಿ. ಒಂದು, ಸಿನಿಮ್ಯಾಟಿಕ್ ಅಥವಾ ಡ್ರೋನ್ ಸೇರಿಸಬೇಕಂದ್ರೆ ಮದುವೆಗೆ 15 ದಿನ ಮುಂಚೆ ಹೇಳಬೇಕು, ಆಮೇಲೆ ಹುಡುಗರು ಸಿಗಲ್ಲ. ಇದು ನಿಜವೂ ಹೌದು, ಹಿಂದಿನ ರಾತ್ರಿ ಬರೋ ಫೋನ್‌ಗೆ ಉತ್ತರವೂ ಹೌದು. ಇನ್ನೊಂದು, 30 ಶೀಟಿನ ಆಲ್ಬಂಗೆ 150 ಫೋಟೋ ಮಾತ್ರ. ಇದನ್ನ ಬಿಟ್ಟರೆ ಅವರು 400 ಆರಿಸಿ ಕಳಿಸ್ತಾರೆ. ಆಗ ನೀವು ಪುಟಕ್ಕೆ ಆರೇಳು ತುರುಕಬೇಕು, ಇಲ್ಲಾ ಶೀಟ್ ಜಾಸ್ತಿ ಮಾಡಿ ದುಡ್ಡಿಗೆ ಜಗಳ ಆಡಬೇಕು.

ಮದುವೆ ದಿನ

ಕಡಿಮೆ ಕೆಲಸ ಅಂತ ಒಪ್ಪಿಕೊಂಡ ಮದುವೆ ಕೆಡೋದು ಹೆಚ್ಚಾಗಿ ಛತ್ರದಲ್ಲೇ. ಆರತಕ್ಷತೆ ನಡೀತಿರುತ್ತೆ, ಹುಡುಗಿಯ ಗೆಳತಿಯರು ನಿಮ್ಮ ವಿಡಿಯೋ ಹುಡುಗನ ಹತ್ತಿರ ಬಂದು "ಒಂದು ರೀಲ್ಸ್ ಮಾಡಿಕೊಡಿ" ಅಂತಾರೆ. ಅವನಿಗೆ ಇಲ್ಲ ಅನ್ನೋಕೆ ಮುಜುಗರ, ಹೊರಗೆ ಹೋಗಿ ಅರ್ಧ ಗಂಟೆ ಮಾಡಿಕೊಡ್ತಾನೆ, ಅಷ್ಟರಲ್ಲಿ ಸ್ಟೇಜ್ ಮೇಲೆ ಸೋದರಮಾವ ಬಂದು ಹೋಗಿರ್ತಾರೆ. ಹಾಗಾಗಿ ಟೀಮ್‌ಗೆ ಮೊದಲೇ ಹೇಳಿ, ಈ ಮದುವೆಯಲ್ಲಿ ಏನಿದೆ, ಏನಿಲ್ಲ, ಯಾರಾದರೂ ಹೊಸದು ಕೇಳಿದರೆ "ಅಣ್ಣನ್ನ ಕೇಳಿ" ಅಂತ ನಿಮ್ಮ ಕಡೆ ಕಳಿಸಬೇಕು. ನೀವು ಒಂದೆರಡು ಫೋಟೋ ಜಾಸ್ತಿ ತೆಗೆದುಕೊಡಿ, ಅದರಲ್ಲಿ ಏನೂ ಹೋಗಲ್ಲ. ಒಬ್ಬ ಮನುಷ್ಯನನ್ನ ಅವನ ಜಾಗದಿಂದ ಎಬ್ಬಿಸೋ ಕೆಲಸ ಮಾತ್ರ ಬೇಡ.

ಮತ್ತೆ, ಪಟ್ಟಿಯಲ್ಲಿ ಉಳಿದಿರೋ ಕೆಲಸ ಪೂರ್ತಿ ಕ್ವಾಲಿಟಿಯಲ್ಲೇ ಆಗಬೇಕು. ಕಡಿಮೆ ದುಡ್ಡು ಅಂತ ಕಲರ್ ಕರೆಕ್ಷನ್ ಅರ್ಧ ಮಾಡೋದು, ಆಲ್ಬಂಗೆ ಅಗ್ಗದ ಪೇಪರ್ ಹಾಕೋದು ಮಾಡಿದರೆ, ನೀವು ಮೆಸೇಜ್‌ನಲ್ಲಿ "ಅದೇ ಕ್ವಾಲಿಟಿ" ಅಂತ ಬರೆದದ್ದು ಸುಳ್ಳಾಗುತ್ತೆ.

ಇಳಿಸೋಕೂ ಒಂದು ಮಿತಿ ಇದೆ

ಎಲ್ಲ ಬಜೆಟ್‌ಗೂ ಪ್ಯಾಕೇಜ್ ಮಾಡೋಕಾಗಲ್ಲ. ನಮ್ಮ ಲೆಕ್ಕದಲ್ಲಿ ಕ್ಯಾಂಡಿಡ್, ಸಿನಿಮ್ಯಾಟಿಕ್ ಎರಡೂ ತೆಗೆದು, ಎರಡೂ ಫಂಕ್ಷನ್‌ಗೆ ಬರೀ ಟ್ರೆಡಿಷನಲ್, ಒಂದು ಆಲ್ಬಂ, ಎಡಿಟಿಂಗ್ ಇಟ್ಟರೆ 50,000. ಅದಕ್ಕಿಂತ ಕಡಿಮೆ ಅಂದರೆ ಮುಹೂರ್ತ ಮಾತ್ರ: ಫೋಟೋ, ವಿಡಿಯೋ, ಆಲ್ಬಂ ಸೇರಿ 32,000. ಆರತಕ್ಷತೆಗೆ ಸ್ಟೇಜ್ ಫೋಟೋ ಅವರ ನೆಂಟರಲ್ಲೇ ಕ್ಯಾಮೆರಾ ಇರೋರು ಯಾರಾದರೂ ತೆಗೀಬಹುದು. ಆದರೆ ಆ ಫೋಟೋಗಳನ್ನ ನಿಮ್ಮ ಆಲ್ಬಂಗೆ ಸೇರಿಸಿಕೊಡ್ತೀರಾ ಇಲ್ವಾ ಅಂತ ಮೊದಲೇ ಹೇಳಿ. ನನ್ನ ಪ್ರಕಾರ ಬೇಡ. ಬಣ್ಣ ಬೇರೆ ಇರುತ್ತೆ, ಸರಿ ಮಾಡೋಕೆ ಹಿಡಿಯೋ ಹೊತ್ತಿಗೆ ಯಾರೂ ದುಡ್ಡು ಕೊಡಲ್ಲ.

25 ಸಾವಿರಕ್ಕೆ ಎರಡು ದಿನ ಅಂತ ಬಂದರೆ, ಹೀಗೆ ಬರೀರಿ:

> ಬ್ರದರ್, ಈ ಬಜೆಟ್‌ನಲ್ಲಿ ಎರಡು ಫಂಕ್ಷನ್ ನನ್ನ ಟೀಮ್‌ನಿಂದ ಆಗಲ್ಲ. ನನ್ನ ಜೊತೆ ಕೆಲಸ ಮಾಡಿ ಈಗ ಸ್ವಂತ ಶುರು ಮಾಡಿರೋ ಹುಡುಗ ಒಬ್ಬ ಇದ್ದಾನೆ, ಅವನ ನಂಬರ್ ಕಳಿಸ್ತೀನಿ. ನೇರವಾಗಿ ಮಾತಾಡಿ, ಅವನು ಮಾಡಿರೋ ಒಂದು ಮುಹೂರ್ತದ ವಿಡಿಯೋ ಪೂರ್ತಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಆ ಹುಡುಗನನ್ನ ಮೊದಲು ಕೇಳಿಯೇ ನಂಬರ್ ಕೊಡಿ, ಮತ್ತೆ ಮಧ್ಯದಲ್ಲಿ ಕಮಿಷನ್ ಇಟ್ಟುಕೊಳ್ಳಬೇಡಿ. 25 ಸಾವಿರದಲ್ಲಿ ಅದಕ್ಕೆ ಜಾಗ ಇಲ್ಲ.